ಕೀಬೋರ್ಡಿನ ಅಂಗಿ

ಆ ಮನೆಯಲ್ಲಿ ಕೀಬೋರ್ಡಿಗೂ ಒಂದು ಅಂಗಿ ಇತ್ತು.

ಹೊಲಿದವಳು ಅಕ್ಕ. ನಲವತ್ತು ವರ್ಷ ಊರಿನವರ ಬಟ್ಟೆ ಹೊಲಿದು, ಅದರ ಮೇಲೆ ಕೈಯಲ್ಲೇ ಹೂವು ಬಳ್ಳಿ ಬಿಡಿಸಿದವಳಿಗೆ ಬರಿಮೈಯಲ್ಲಿ ನಿಂತ ಯಾವ ವಸ್ತುವನ್ನು ಕಂಡರೂ ಸಮಾಧಾನವಿರಲಿಲ್ಲ. ಮಿಕ್ಸಿಗೆ ಅಂಗಿ, ರೇಡಿಯೋಗೆ ಅಂಗಿ, ನೀರಿನ ಫಿಲ್ಟರಿಗೆ ಚುಕ್ಕಿ ಚುಕ್ಕಿಯ ಅಂಗಿ. ಆದರೆ ಅದಕ್ಕೊಂದು ನಿಯಮವಿತ್ತು. ಮನೆಯಲ್ಲಿ ನೆಲೆ ನಿಲ್ಲುವುದು ಎಂದು ತನ್ನ ಮನಸ್ಸಿಗೆ ಒಪ್ಪಿದ ವಸ್ತುವಿಗೆ ಮಾತ್ರ ಅವಳು ಟೇಪು ಹಿಡಿಯುತ್ತಿದ್ದಳು. ಆರು ತಿಂಗಳ ಹಿಂದೆ ತಂಗಿ ಮುಂದಿನ ಕೋಣೆಗೆ ತಂದಿಟ್ಟ ಹಳೆಯ ಕಸೂತಿ ಯಂತ್ರಕ್ಕೆ ಆ ಭಾಗ್ಯ ಸಿಕ್ಕಿರಲಿಲ್ಲ. ಅದು ಒಂದು ಕರುವಿನಷ್ಟು ದೊಡ್ಡದು, ಕರುವಿನಷ್ಟೇ ಗಲಾಟೆಯದು. ಅದಕ್ಕೂ ಒಂದು ಅಂಗಿ ಬೇಡವೇ ಎಂದು ತಂಗಿ ಕೇಳಿದಾಗಲೆಲ್ಲ ಅಕ್ಕ, ಉಳಿಯುವುದಾದರೆ ಹೊಲಿಯೋಣ ಎನ್ನುತ್ತಿದ್ದಳು.

ಕೀಬೋರ್ಡಿನ ಮಾತು ಬೇರೆ. ದಾರದ ಜುಂಗು ಹಾರಿ ಹಾರಿ ಗುಂಡಿಗಳ ಸಂದಿಗೆ ಬಿದ್ದು ತಂಗಿ ದಿನವೂ ಗೊಣಗುವುದನ್ನು ಕೇಳಲಾರದೆ ಅಕ್ಕ ಅದರ ಅಳತೆ ತೆಗೆದಳು. ಎರಡು ದಿನ ತಂಗಿಯ ಪಕ್ಕದಲ್ಲಿ ಚಾಕ್ ಹಿಡಿದು ಕೂತು, ಇವಳು ಯಾವ ಯಾವ ಗುಂಡಿ ಮುಟ್ಟುತ್ತಾಳೆ ಎಂದು ಗುರುತು ಹಾಕಿಕೊಂಡಳು. ಅಕ್ಷರಗಳಿಗೆ ಕಿಟಕಿ, ಅಂಕಿಗಳಿಗೆ ಕಿಟಕಿ, ಬಾಣದ ಗುರುತಿನ ನಾಲ್ಕಕ್ಕೆ ಕಿಟಕಿ, ಎಡಗಡೆಯ ಶಿಫ್ಟಿಗೂ ಕಂಟ್ರೋಲಿಗೂ ಒಂದೊಂದು ಕಿಟಕಿ. ಬಲಗಡೆಯಲ್ಲೂ ಅದೇ ಹೆಸರಿನ ಎರಡು ಗುಂಡಿಗಳಿದ್ದವು. ಅವುಗಳಿಗೇನು ಕೆಲಸ ಎಂದು ಅಕ್ಕ ವಿಚಾರಿಸಿದ್ದಳು. ಎಡಗಡೆ ಇರುವುದೇ ಬಲಗಡೆಯೂ ಇದೆ, ಅಷ್ಟೇ, ಎಂದು ತಂಗಿ ಹೇಳಿದ್ದಳು. ಹಾಗಾದರೆ ಅವಕ್ಕೆ ಕಿಟಕಿ ಯಾಕೆ ಎಂದುಕೊಂಡು ಅಕ್ಕ ಆ ಮೂಲೆಗೆ ಹತ್ತಿ ತುಂಬಿ, ಮೇಲೆ ಐದು ಎಸಳಿನ ಒಂದು ಕೆಂಪು ಹೂವು ಕೂರಿಸಿದಳು. ಮಣಿಕಟ್ಟು ಇಟ್ಟುಕೊಳ್ಳಲು ಮೆತ್ತಗಿರುತ್ತದೆ ಎಂಬ ಕಾಳಜಿಯೂ ಅದರಲ್ಲಿತ್ತು. ಆಮೇಲೆ ಕೀಬೋರ್ಡನ್ನು ಮಗುಚಿ, ದಿಂಬಿನ ಬಾಯಿ ಹೊಲಿದ ಹಾಗೆ ಕೆಳಗಿನಿಂದ ಕಾಣದ ಹೊಲಿಗೆ ಹಾಕಿ ಮುಚ್ಚಿಬಿಟ್ಟಳು. ಅಕ್ಕನ ಹೊಲಿಗೆ ಬಿಚ್ಚಬೇಕಾದರೆ ಅಕ್ಕನೇ ಬೇಕು.

ಮಧ್ಯಾಹ್ನದ ಚಹಾಕ್ಕೆ ಬರುತ್ತಿದ್ದ ಪಕ್ಕದ ಮನೆಯ ಟೈಪಿಂಗ್ ಮೇಷ್ಟ್ರು ಅದನ್ನು ನೋಡಿ, ನನ್ನ ಹೆಂಡತಿ ನನಗೂ ಇಷ್ಟು ಚೆನ್ನಾಗಿ ಅಳತೆ ತೆಗೆದು ಹೊಲಿದು ಕೊಟ್ಟಿರಲಿಲ್ಲ ಎಂದಿದ್ದರು. ಮೇಷ್ಟ್ರು ಟೈಪ್‌ರೈಟರಿನ ಮೇಲೆ ಬೆರಳು ಓಡಿಸುವುದನ್ನು ಎಷ್ಟೋ ಮಂದಿಗೆ ಕಲಿಸಿ ಈಗ ವಿಶ್ರಾಂತಿಯಲ್ಲಿದ್ದವರು. ಕಂಪ್ಯೂಟರ್ ಎಂದರೆ ಅವರ ಪಾಲಿಗೆ, ಗಂಟೆ ಬಾರಿಸದ ಟೈಪ್‌ರೈಟರ್.

ಇನ್ನು ಆ ಕಂಪ್ಯೂಟರಿನ ಕಥೆ. ಕಸೂತಿ ಯಂತ್ರ ಹಳೆಯದು, ಅದರ ಭಾಷೆ ಬಲ್ಲ ಪ್ರೋಗ್ರಾಮೂ ಹಳೆಯದು. ಹೊಸ ಕಂಪ್ಯೂಟರಿನಲ್ಲಿ ಆ ಪ್ರೋಗ್ರಾಮು ಓಡುವುದಿಲ್ಲ ಎಂದು ಹಟ ಹಿಡಿಯಿತು. ಆಗ ಬಂದವನು ಅಕ್ಕನ ಅಳಿಯ. ಕಚೇರಿಗಳ ಜೆರಾಕ್ಸ್ ಯಂತ್ರ ರಿಪೇರಿ ಮಾಡುವ ಮನುಷ್ಯ. ಹೊಸ ಕಂಪ್ಯೂಟರಿನ ಒಳಗೇ ಒಂದು ಕಿಟಕಿ ತೆರೆದು, ಆ ಕಿಟಕಿಯೊಳಗೆ ಒಂದು ಹಳೆಯ ಕಂಪ್ಯೂಟರನ್ನೇ ಕೂರಿಸಿಕೊಟ್ಟ. ಮುಟ್ಟಲು ಸಿಗದ ಕಂಪ್ಯೂಟರು, ಆದರೆ ಕೆಲಸ ಮಾತ್ರ ನಿಜ. ಹೊರಗಿನದಕ್ಕೆ ಹೋಸ್ಟ್ ಎನ್ನುತ್ತಾರೆ, ಒಳಗಿನದಕ್ಕೆ ಗೆಸ್ಟ್ ಎನ್ನುತ್ತಾರೆ ಎಂದು ಅವನು ಹೇಳಿದ. ಅಕ್ಕತಂಗಿಯರು ಅವಕ್ಕೆ ಹೊರಗಿನವನು, ಒಳಗಿನವನು ಎಂದು ಹೆಸರಿಟ್ಟರು. ಒಳಗಿನವನ ಮೇಲೆ ಒಮ್ಮೆ ಕ್ಲಿಕ್ ಮಾಡಿದರೆ ಮೌಸು ಕೀಬೋರ್ಡು ಎರಡೂ ಅವನ ವಶಕ್ಕೆ ಹೋಗುತ್ತವೆ, ಹಿಂದೆ ಪಡೆಯುವುದು ಹೀಗೆ ಎಂದೂ ಅವನು ಆ ದಿನ ಹೇಳಿದ್ದ. ಆದರೆ ಅದೇ ಹೊತ್ತಿಗೆ ಅಕ್ಕ ತಟ್ಟೆ ಹಿಡಿದು ಬಂದು, ಮೊದಲು ಊಟ ಮಾಡಿ ಅಳಿಯಂದಿರೇ ಎಂದಳು. ತಂಗಿ ಬಡಿಸಲು ಓಡಿದಳು. ಆ ಮಾತು ಸಾರಿನಲ್ಲಿ ಮುಳುಗಿತು. ಮರುದಿನ ಒಳಗಿನವನ ಮೇಲೆ ಮೊದಲ ಬಾರಿ ಕ್ಲಿಕ್ ಮಾಡಿದಾಗ ಪರದೆಯ ಮೇಲೆ ಉದ್ದದ ಒಂದು ಸೂಚನೆ ಬಂತು. ಅದರ ಕೆಳಗೆ, ಇದನ್ನು ಮತ್ತೆ ತೋರಿಸಬೇಡ ಎನ್ನುವ ಚಿಕ್ಕ ಚೌಕವಿತ್ತು. ತಂಗಿ ಓದದೆಯೇ ಚೌಕಕ್ಕೆ ಗುರುತು ಹಾಕಿ ಸರಿ ಎಂದಳು. ಕಂಪ್ಯೂಟರು ಮಾತಿಗೆ ತಪ್ಪಲಿಲ್ಲ. ಮತ್ತೆ ತೋರಿಸಲಿಲ್ಲ.

ಅಂದಿನಿಂದ ಒಳಗೆ ಹೋದ ಮೌಸನ್ನು ಹೊರಗೆ ತರಲು ತಂಗಿಗೆ ತಿಳಿದಿದ್ದು ಒಂದೇ ದಾರಿ. ಒಳಗಿನವನನ್ನು ಕ್ರಮವಾಗಿ ಬಂದ್ ಮಾಡುವುದು. ಅವನು ಮಲಗಿದೊಡನೆ ಕಿಟಕಿ ಮುಚ್ಚಿಕೊಂಡು ಮೌಸಿನ ಬಾಣ ಹೊರಗೆ ಬರುತ್ತಿತ್ತು. ಮತ್ತೆ ಬೇಕಾದಾಗ ಎಬ್ಬಿಸುವುದು. ಮಲಗಿಸಿ ಎಬ್ಬಿಸುವಷ್ಟರಲ್ಲಿ ಒಂದು ಲೋಟ ಚಹಾ ಕುದಿಯುತ್ತಿತ್ತು. ದಿನಕ್ಕೆ ಐದಾರು ಸಲ ಹೀಗಾಗುತ್ತಿದ್ದುದರಿಂದ ಆ ಮನೆಯಲ್ಲಿ ಚಹಾ ತುಸು ಹೆಚ್ಚೇ ಖರ್ಚಾಗುತ್ತಿತ್ತು. ಕಂಪ್ಯೂಟರ್ ಎಂದರೆ ಹೀಗೇ ಇರಬೇಕು ಎಂದು ಇಬ್ಬರೂ ನಂಬಿದ್ದರು. ಚಹಾ ಕುಡಿಯುತ್ತಿದ್ದ ಮೇಷ್ಟ್ರೂ ಆ ನಂಬಿಕೆಗೆ ಅಡ್ಡಿ ಬರಲಿಲ್ಲ.

ಹೀಗಿರುವಾಗ ಊರಿನ ಆಸ್ಪತ್ರೆಯಿಂದ ಒಂದು ಕೆಲಸ ಬಂತು. ಅಲ್ಲಿನ ಹೆರಿಗೆ ವಾರ್ಡಿನ ಹಿರಿಯ ದಾದಿಯಮ್ಮ ಮರುದಿನ ಸಂಜೆ ಕೆಲಸದಿಂದ ನಿವೃತ್ತಿಯಾಗುವವರಿದ್ದರು. ಅವರ ಕೈಯಲ್ಲಿ ಹುಟ್ಟಿದ ಮಕ್ಕಳಲ್ಲಿ ವಿಳಾಸ ಸಿಕ್ಕವರ ಹೆಸರುಗಳು ಮುನ್ನೂರ ಹನ್ನೆರಡು. ಅಷ್ಟನ್ನೂ ಒಂದೇ ಬಿಳಿ ಹೊದಿಕೆಯ ಮೇಲೆ ಕಸೂತಿ ಮಾಡಿಕೊಡಬೇಕು. ಹೊದಿಕೆ ಒಂದೇ. ಅದನ್ನು ಆ ಮಕ್ಕಳಲ್ಲೇ ಒಬ್ಬಳು, ಈಗ ನೇಯ್ಗೆ ಮಾಡುವವಳು, ತಾನೇ ನೇಯ್ದು ಕೊಟ್ಟಿದ್ದಳು. ಕೈಯಲ್ಲಿ ಬಿಡಿಸಲು ಮೂರು ತಿಂಗಳು ಬೇಕು ಎಂದು ಅಕ್ಕ ತಲೆಯಾಡಿಸಿದಳು. ಯಂತ್ರಕ್ಕೆ ಒಂದು ಹಗಲು ಸಾಕು ಎಂದು ತಂಗಿ ಮಾತು ಕೊಟ್ಟುಬಿಟ್ಟಳು.

ಅಕ್ಕ ಆಗ ಹೇಳಿದ್ದು ಒಂದೇ ಮಾತು. "ಆ ಬಟ್ಟೆ ಕೆಟ್ಟರೆ ನಾಡಿದ್ದು ಬೆಳಗ್ಗೆ ಗುಜರಿಯವನನ್ನ ಕರೀತೀನಿ. ಆಮೇಲೆ ನನ್ನನ್ನ ಬೈಬೇಡ."

ತಂಗಿ ಒಪ್ಪಿದ್ದಳು. ಒಪ್ಪುವಾಗ ನಕ್ಕಿದ್ದಳು ಕೂಡ.

ಮರುದಿನ ಬೆಳಗ್ಗೆ ಹನ್ನೊಂದಕ್ಕೆ ಹೊಲಿಗೆ ಶುರುವಾಯಿತು. ಯಂತ್ರದ ನೆನಪಿನ ಶಕ್ತಿ ಬಹಳ ಕಡಿಮೆ. ಒಂದೊಂದು ತುತ್ತು ಹೊಲಿಗೆಯನ್ನು ಒಳಗಿನವನು ದಪ್ಪ ಕೇಬಲಿನ ಮೂಲಕ ಕೊಡುತ್ತಿರಬೇಕು, ಇದು ಹೊಲಿದು ಮುಗಿಸಿ ಮುಂದಿನ ತುತ್ತು ಕೇಳಬೇಕು. ಮಧ್ಯೆ ಕೊಡುವವನು ನಿಂತರೆ ಇದು ತಾನೆಲ್ಲಿದ್ದೆ ಎನ್ನುವುದನ್ನೇ ಮರೆಯುತ್ತದೆ. ಮತ್ತೆ ಶುರು ಮಾಡಿದರೆ ಒಬ್ಬರ ಹೆಸರಿನ ಮೇಲೆ ಇನ್ನೊಬ್ಬರ ಹೆಸರು ಕೂರುತ್ತದೆ. ತಂಗಿ ಇದನ್ನು ಹಿಂದೊಮ್ಮೆ ಒಂದು ದಿಂಬಿನ ಚೀಲದ ಮೇಲೆ ಕಲಿತಿದ್ದಳು. ಆ ದಿಂಬಿನ ಚೀಲ ಈಗ ಕೈ ಒರೆಸುವ ಬಟ್ಟೆಯಾಗಿ ಅಡುಗೆಮನೆಯಲ್ಲಿತ್ತು. ಅಕ್ಕ ಬೇಕೆಂದೇ ಅದನ್ನು ಕಣ್ಣಿಗೆ ಬೀಳುವ ಕಡೆ ನೇತುಹಾಕಿದ್ದಳು.

ಮೂರೂವರೆಯ ಹೊತ್ತಿಗೆ ಇನ್ನೂರ ನಲವತ್ತು ಹೆಸರು ದಾಟಿತ್ತು. ಬಿಳಿ ಬಟ್ಟೆಯ ಮೇಲೆ ನೀಲಿ ದಾರದ ಹೆಸರುಗಳು ಸಾಲು ಸಾಲಾಗಿ ಏಳುವುದನ್ನು ಅಕ್ಕ ದೂರದ ಕುರ್ಚಿಯಿಂದ ನೋಡುತ್ತಿದ್ದಳು. ಹತ್ತಿರ ಬರುತ್ತಿರಲಿಲ್ಲ, ಕಣ್ಣನ್ನೂ ತೆಗೆಯುತ್ತಿರಲಿಲ್ಲ. ಪ್ರತಿ ಹೆಸರು ಮುಗಿದಾಗಲೂ ಅವಳ ತುಟಿ ಸಣ್ಣಗೆ ಅಲುಗುತ್ತಿತ್ತು. ದಿನವೂ ಬೆಳಗ್ಗೆ ಅವಳು ಸೂಜಿಗೆ ದಾರ ಪೋಣಿಸುವ ಮುನ್ನ ಒಂದು ಕ್ಷಣ ಕಣ್ಣು ಮುಚ್ಚುವವಳು. ಈ ಮುನ್ನೂರ ಹನ್ನೆರಡು ಜನ ಅವಳಿಗೆ ಗೊತ್ತಿಲ್ಲದವರು. ಆದರೂ ಅವರೆಲ್ಲ ಚೆನ್ನಾಗಿರಲಿ ಎಂದು ಬೇಡಿಕೊಳ್ಳಲು ಪರಿಚಯ ಬೇಕಿಲ್ಲವಲ್ಲ.

ಮೂರು ಮೂವತ್ತೆಂಟಕ್ಕೆ ಪರದೆಯ ಬಲಮೂಲೆಯಲ್ಲಿ, ಹೊರಗಿನವನ ಕಡೆಯಿಂದ, ಒಂದು ಚೀಟಿ ಮೇಲೆದ್ದಿತು. ಕಂಪ್ಯೂಟರಿಗೆ ಹೊಸ ತಿದ್ದುಪಡಿಗಳು ಬಂದಿವೆ. ನಾಲ್ಕು ಗಂಟೆಗೆ ತಾನಾಗಿಯೇ ಬಂದ್ ಆಗಿ ಮತ್ತೆ ಶುರುವಾಗುತ್ತದೆ. ಬೇಡವಾದರೆ, ಮುಂದೂಡು ಎನ್ನುವಲ್ಲಿ ಒತ್ತಿ.

ತಂಗಿ ಓದಿದಳು. ಈ ಸಲ ಪೂರ್ತಿ ಓದಿದಳು. ಹೊರಗಿನವನು ಮಲಗಿದರೆ ಒಳಗಿನವನೂ ಮಲಗಿದ ಹಾಗೆ. ಒಳಗಿನವನು ಮಲಗಿದರೆ ಯಂತ್ರ ನಿಂತಿತು. ಯಂತ್ರ ನಿಂತರೆ ಬಟ್ಟೆ ಹೋಯಿತು. ಒತ್ತಿದರೆ ಮುಗಿಯುವ ಕೆಲಸ ಎಂದು ಮೌಸು ಸರಿಸಿದಳು. ಬಾಣ ಕಿಟಕಿಯ ಅಂಚಿನವರೆಗೆ ಬಂದು ನಿಂತಿತು. ಮತ್ತೆ ಸರಿಸಿದಳು. ಗಾಜಿನ ಬಾಟಲಿಯೊಳಗೆ ಸಿಕ್ಕ ನೊಣದಂತೆ ಅದು ಅಂಚಿಗೆ ಬಡಿದು ಬಡಿದು ಒಳಗೇ ಉಳಿಯಿತು. ಚೀಟಿ ಎರಡು ಬೆರಳಿನ ದೂರದಲ್ಲಿತ್ತು.

ದಿನವೂ ಮಾಡುವ ಉಪಾಯ ಇವತ್ತು ನಡೆಯುವಂತಿರಲಿಲ್ಲ. ಒಳಗಿನವನನ್ನು ಮಲಗಿಸಿ ಮೌಸು ತರುವುದೆಂದರೆ, ಮನೆ ಉಳಿಸಲು ಮನೆಗೇ ಬೆಂಕಿ ಇಟ್ಟ ಹಾಗೆ. ತಂಗಿ ಡ್ರಾಯರಿನಿಂದ ಇನ್ನೊಂದು ಮೌಸು ತೆಗೆದು ಸಿಕ್ಕಿಸಿದಳು. ಅದನ್ನೂ ಒಳಗಿನವನೇ ಇಟ್ಟುಕೊಂಡ. ಹಳೆಯ ಮೌಸನ್ನು ಕಿತ್ತಳು, ಮತ್ತೆ ಹಾಕಿದಳು. ಏನೂ ಬದಲಾಗಲಿಲ್ಲ.

ಮೇಷ್ಟ್ರು ಲೋಟ ಕೆಳಗಿಟ್ಟು ಗಡಿಯಾರ ನೋಡಿದರು. ಬೇಕಾದರೆ ನನ್ನ ಟೈಪ್‌ರೈಟರ್ ತರುತ್ತೇನೆ ಎಂದರು. ಅದು ಯಾರಿಗೂ ಉಪಯೋಗವಿಲ್ಲ ಎಂದು ಅವರಿಗೂ ಗೊತ್ತಿತ್ತು. ಆದರೆ ಕಷ್ಟದ ಹೊತ್ತಿನಲ್ಲಿ ಏನಾದರೂ ಕೊಡಬೇಕಲ್ಲ.

ತಂಗಿ ಅಳಿಯನಿಗೆ ಫೋನು ಮಾಡಿದಳು. ಅವನು ಎತ್ತಲಿಲ್ಲ. ಮತ್ತೆ ಮಾಡಿದಳು. ಮೂರನೆಯ ಸಲಕ್ಕೆ, ಹನ್ನೆರಡು ನಿಮಿಷ ಬಾಕಿ ಇರುವಾಗ, ಯಾವುದೋ ಜೆರಾಕ್ಸ್ ಯಂತ್ರದ ಹೊಟ್ಟೆಯೊಳಗಿಂದ ಬಂದಂಥ ಅವನ ದನಿ ಕೇಳಿಸಿತು. ಕೈಯೆಲ್ಲ ಮಸಿ ಚಿಕ್ಕತ್ತೆ, ಸ್ಪೀಕರಿಗೆ ಹಾಕಿದ್ದೀನಿ, ಹೇಳಿ ಎಂದ. ತಂಗಿಯೂ ಸ್ಪೀಕರಿಗೆ ಹಾಕಿ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದಳು. ಆರು ತಿಂಗಳಿಂದ ಒಳಗಿನವನನ್ನು ಮಲಗಿಸಿಯೇ ಮೌಸು ತರುತ್ತಿದ್ದೆವು ಎನ್ನುವುದನ್ನೂ ಹೇಳಿದಳು.

ಅಳಿಯ ಮರ್ಯಾದಸ್ಥ. ಅತ್ತೆಯ ಮನೆಯವರ ಮುಂದೆ ನಗಬಾರದು ಎಂದು ಅವನು ಪಡುತ್ತಿದ್ದ ಪಾಡು ಫೋನಿನಲ್ಲೂ ಕೇಳಿಸುತ್ತಿತ್ತು.

"ಚಿಕ್ಕತ್ತೆ, ಹೋಸ್ಟ್ ಕೀ ಒತ್ತಿದ್ರೆ ಆಯ್ತಲ್ಲ. ಬಲಗಡೆಯ ಕಂಟ್ರೋಲ್. ಒಂದೇ ಒಂದು ಸಲ ಒತ್ತಿ ಬಿಡಿ, ಮೌಸ್ ಹೊರಗೆ ಬರುತ್ತೆ. ಆ ಕಿಟಕಿಯ ಕೆಳಗೆ ಬಲಮೂಲೆಯಲ್ಲಿ ಸಣ್ಣಗೆ ಬರೆದಿದೆ ನೋಡಿ."

ತಂಗಿ ನೋಡಿದಳು. ಬರೆದಿತ್ತು. ಬಲಗಡೆಯ ಕಂಟ್ರೋಲ್ ಎಂದು ಇಂಗ್ಲಿಷಿನಲ್ಲಿ, ಅದರ ಪಕ್ಕದಲ್ಲಿ ಒಂದು ಪುಟ್ಟ ಬಾಣದ ಗುರುತು. ದಾರದ ಉಂಡೆಯ ಮೇಲಿನ ಸಣ್ಣ ಅಕ್ಷರಗಳನ್ನು ನಾವು ನೋಡುವಂತೆ, ಅವಳು ಅದನ್ನು ಆರು ತಿಂಗಳಿಂದ ನೋಡುತ್ತಿದ್ದಳು. ಓದಿರಲಿಲ್ಲ. ಎಡಗಡೆಯ ಕಂಟ್ರೋಲ್ ಒತ್ತಿದಳು. ಏನೂ ಆಗಲಿಲ್ಲ.

"ಎಡಗಡೆಯದಲ್ಲ. ಅದು ಒಳಗಿನವನಿಗೆ ಹೋಗುತ್ತೆ. ಬಲಗಡೆಯದೇ ಆಗಬೇಕು."

"ನಮ್ಮದರಲ್ಲಿ ಬಲಗಡೆ ಆ ಗುಂಡಿ ಇಲ್ಲಪ್ಪ."

"ನಾನೇ ತಂದುಕೊಟ್ಟ ಕೀಬೋರ್ಡು ಚಿಕ್ಕತ್ತೆ. ಇದೆ. ಆ ಜಾಗದಲ್ಲಿ ಏನು ಕಾಣಿಸ್ತಿದೆ?"

ತಂಗಿ ಆ ಜಾಗ ನೋಡಿದಳು. ಆಮೇಲೆ ಅಕ್ಕನನ್ನು ನೋಡಿದಳು. ಅಕ್ಕ ಕುರ್ಚಿಯಿಂದ ಎದ್ದು ನಿಂತಿದ್ದಳು.

"ಹೂವು," ಎಂದಳು ತಂಗಿ.

ಯಾವ ಹೂವು ಎಂದ ಅಳಿಯ. ಅಂಗಿ ಹೊಲಿದದ್ದು ಅವನು ಬಂದುಹೋದ ಮೇಲೆ. ಅವನಿಗೆ ಅದರ ಸುದ್ದಿಯೇ ಇರಲಿಲ್ಲ. ಕೇಳಿದ ಮೇಲೆ ಬೇರೆ ದಾರಿಗಳನ್ನು ಹುಡುಕಿದ. ಮನೆಯಲ್ಲಿ ಇನ್ನೊಂದು ಕೀಬೋರ್ಡ್ ಇದೆಯೇ ಎಂದ. ಇರಲಿಲ್ಲ. ಸೆಟ್ಟಿಂಗಿಗೆ ಹೋಗಿ ಹೋಸ್ಟ್ ಕೀಯನ್ನು ಬೇರೆ ಗುಂಡಿಗೆ ಬದಲಾಯಿಸಬಹುದು ಎಂದ. ಬದಲಾಯಿಸಲು ಹೊರಗೆ ಮೌಸು ಬೇಕು ಎಂದು ತಾನೇ ನೆನಪಿಸಿಕೊಂಡ. ಬಟ್ಟೆಯ ಮೇಲಿಂದಲೇ ಒತ್ತಿ ನೋಡಿ ಎಂದ.

ತಂಗಿ ಹೆಬ್ಬೆರಳಿನಿಂದ ಹೂವಿನ ನಡುವೆ ಒತ್ತಿದಳು. ಹತ್ತಿ ಮೆತ್ತಗೆ ಕುಸಿಯಿತು, ಒಳಗೆ ಏನೋ ಕ್ಲಿಕ್ ಎಂದಿತು, ಬಾಣ ಮಾತ್ರ ಹೊರಗೆ ಬರಲಿಲ್ಲ. ಒಂದು ಕ್ಲಿಕ್ ಕೇಳಿಸಿತೋ ಎರಡು ಕೇಳಿಸಿತೋ ಎಂದು ಅಳಿಯ ಕೇಳಿದ. ಎರಡು ಎಂದರು ಮೇಷ್ಟ್ರು. ಜೀವಮಾನವೆಲ್ಲ ಗುಂಡಿಯ ಸದ್ದು ಕೇಳಿದ ಕಿವಿ ಅವರದು.

ಹಾಗಾದರೆ ಮೇಲಿನ ಶಿಫ್ಟೂ ಒಟ್ಟಿಗೆ ಒತ್ತಿಹೋಗುತ್ತಿದೆ ಎಂದು ಅಳಿಯ ವಿವರಿಸಿದ. ಹೋಸ್ಟ್ ಕೀ ಒಂಟಿಯಾಗಿ ಒತ್ತಿ ಬಿಟ್ಟರೆ ಮಾತ್ರ ಕೈ ಬಿಡುವ ಆಜ್ಞೆ. ಅದರ ಜೊತೆ ಇನ್ನೊಂದು ಸೇರಿದರೆ ಅರ್ಥವೇ ಬೇರೆ. ಎಫ್ ಸೇರಿದರೆ ಕಿಟಕಿ ಪರದೆ ತುಂಬ ಹಿಗ್ಗುತ್ತದೆ, ಆರ್ ಸೇರಿದರೆ ಒಳಗಿನವನನ್ನು ಮೊದಲಿಂದ ಶುರು ಮಾಡುವ ಮಾತು ಬರುತ್ತದೆ. ಆದ್ದರಿಂದ ಸುಮ್ಮನೆ ಅಲ್ಲಿ ಇಲ್ಲಿ ಅದುಮಬೇಡಿ ಎಂದ.

ಮೇಷ್ಟ್ರಿಗೆ ಇಷ್ಟು ಹೊತ್ತಿನಲ್ಲಿ ಒಂದು ಅವಕಾಶ ಸಿಕ್ಕಿತು. "ಎಡಗೈ ಶಿಫ್ಟೇ ಬೇರೆ, ಬಲಗೈ ಶಿಫ್ಟೇ ಬೇರೆ ಅಂತ ನಾನು ಹೇಳಿಕೊಟ್ಟಿದ್ದಕ್ಕೆ ಲೆಕ್ಕ ಇಲ್ಲ. ನಿಮ್ಮಿಬ್ಬರಲ್ಲಿ ಒಬ್ಬರಾದ್ರೂ ನನ್ನ ಹತ್ತಿರ ಕಲಿತಿದ್ರೆ ಆ ಹೂವು ಬೇರೆ ಎಲ್ಲಾದ್ರೂ ಅರಳಿರೋದು."

ಎಂಟು ನಿಮಿಷ ಉಳಿದಿತ್ತು. ಯಂತ್ರ ಒಬ್ಬ ಹುಡುಗಿಯ ಹೆಸರು ಮುಗಿಸಿ ಒಬ್ಬ ಹುಡುಗನ ಹೆಸರಿಗೆ ಕೈ ಹಾಕಿತ್ತು.

ಅಕ್ಕ ಮೇಜಿನ ಹತ್ತಿರ ಬಂದಳು. ಕಂಪ್ಯೂಟರಿನ ಮುಂದೆ ಅವಳು ಕುರ್ಚಿ ಎಳೆದು ಕೂತದ್ದು, ಚಾಕ್ ಹಿಡಿದ ಆ ಎರಡು ದಿನ ಬಿಟ್ಟರೆ ಅದೇ ಮೊದಲು. ಫೋನಿನ ಕಡೆ ಬಾಗಿ, ಅಳಿಯನ ಜೊತೆ ಮಾತಾಡುವಾಗ ಅವಳಿಗೆ ತಾನಾಗಿ ಬರುವ ಮೆಲುದನಿಯಲ್ಲಿ ಒಂದು ಅನುಮಾನ ಕೇಳಿದಳು.

"ಅಳಿಯಂದಿರೇ, ನಾವು ಕೈ ಹಿಂದಕ್ಕೆ ತಗೊಂಡ್ರೆ ಒಳಗಿನವನು ಕೆಲಸ ನಿಲ್ಲಿಸಿಬಿಡ್ತಾನಾ?"

"ಇಲ್ಲ ಅತ್ತೆ. ಅವನ ಪಾಡಿಗೆ ಅವನು ಮಾಡ್ತಾನೇ ಇರ್ತಾನೆ. ಕೈ ಮಾತ್ರ ನಮ್ಮ ಕಡೆ ಬರುತ್ತೆ."

"ಆ ಒಂದು ಗುಂಡಿ ಅವನ ಕೈಗೆ ಯಾಕೆ ಸಿಗಲ್ಲ? ಮಿಕ್ಕಿದ್ದೆಲ್ಲ ಸಿಕ್ತಲ್ಲ."

"ಎಲ್ಲಾನೂ ಅವನಿಗೇ ಕೊಟ್ಟುಬಿಟ್ರೆ ಹೊರಗೆ ಬರೋಕೆ ನಮಗೆ ಏನೂ ಉಳಿಯಲ್ಲ ಅಂತ, ಅದೊಂದನ್ನ ಕೊಡದೆ ಇಟ್ಕೊಂಡಿರ್ತಾರೆ. ಅದು ಯಾವಾಗಲೂ ಹೊರಗಿನವನದು."

ಅಕ್ಕ ತಲೆಯಾಡಿಸಿದಳು. ಮನೆಗೆ ಬಂದವರಿಗೆ ಕೋಣೆ ಬಿಟ್ಟುಕೊಟ್ಟು, ಹಾಸಿಗೆ ಬಿಟ್ಟುಕೊಟ್ಟು, ಅಡುಗೆಮನೆಯನ್ನೂ ಬಿಟ್ಟುಕೊಟ್ಟು, ಮುಂಬಾಗಿಲ ಬೀಗದ ಕೈಯನ್ನು ಮಾತ್ರ ಸೊಂಟದಲ್ಲೇ ಇಟ್ಟುಕೊಳ್ಳುತ್ತಿದ್ದ ತನ್ನ ಅಜ್ಜಿ ಅವಳಿಗೆ ನೆನಪಾದಳೆಂದು ಕಾಣುತ್ತದೆ. ಆ ಬೀಗದ ಕೈಯ ಮೇಲೆ ನಾನು ಹತ್ತಿ ತುಂಬಿ ಹೂವು ಹೊಲಿದಿದ್ದೀನಾ ಎಂದು ತನಗೇ ಹೇಳಿಕೊಂಡಂತೆ ಅಂದಳು. ಆಮೇಲೆ ತಂಗಿಯ ಕಡೆ ತಿರುಗದೆಯೇ ಕೈ ಚಾಚಿದಳು. ತಂಗಿ ಸಣ್ಣ ಕತ್ತರಿ ಆ ಕೈಯಲ್ಲಿಟ್ಟಳು.

ಇಡೀ ಅಂಗಿ ಬಿಚ್ಚುವಷ್ಟು ಹೊತ್ತಿರಲಿಲ್ಲ, ಕೀಬೋರ್ಡನ್ನು ಮಗುಚಿದರೆ ಯಾವ ಗುಂಡಿ ಒತ್ತಿಹೋಗುತ್ತದೋ ತಿಳಿಯದು. ಎಲ್ಲ ಗುಂಡಿಗಳೂ ಈಗ ಒಳಗಿನವನ ಸೊತ್ತು. ಒಂದು ತಪ್ಪು ಗುಂಡಿ ಹೋದರೆ ಹೊಲಿಗೆ ಅಲ್ಲೇ ನಿಲ್ಲಬಹುದು. ಹೂವನ್ನು ಮೇಲಿಂದಲೇ, ಕೆಳಗಿನ ಗುಂಡಿಗಳಿಗೆ ಭಾರ ಬೀಳದ ಹಾಗೆ, ಬಟ್ಟೆಯನ್ನು ಚಿವುಟಿ ಎತ್ತಿ ಹಿಡಿದು ಕತ್ತರಿಸಬೇಕು.

ಅಕ್ಕ ಕಣ್ಣು ಮುಚ್ಚಿದಳು. ದಿನವೂ ಬೆಳಗ್ಗೆ ಮುಚ್ಚುವಷ್ಟೇ ಹೊತ್ತು. ಗಡಿಯಾರ ಹಿಡಿದಿದ್ದ ಮೇಷ್ಟ್ರಿಗೆ ಅದು ಬಹಳ ದೀರ್ಘವಾಗಿ ಕಂಡಿತು. ಕಣ್ಣು ತೆರೆದು ಎಡಗೈಯ ಎರಡು ಬೆರಳಿನಿಂದ ಎಸಳೊಂದನ್ನು ಎತ್ತಿ, ಕತ್ತರಿಯ ತುದಿ ತೂರಿಸಿದಳು. ಒಂದು ಎಸಳು ಬಂತು. ಎರಡನೆಯದು ಬಂತು. ತಂಗಿಗೆ ಆ ಹೂವು ಹೊಲಿದ ಸಂಜೆ ನೆನಪಿತ್ತು. ಮೂರನೆಯ ಎಸಳು ಸೊಟ್ಟಗಾಯಿತು ಎಂದು ಅಕ್ಕ ಎರಡು ಸಲ ಬಿಚ್ಚಿ ಹೊಲಿದಿದ್ದಳು. ಈಗ ಆ ಮೂರನೆಯದೂ ಬಂತು. ಹತ್ತಿಯನ್ನು ಉಗುರಿನಿಂದ ಎಳೆ ಎಳೆಯಾಗಿ ತೆಗೆದಳು. ಅಷ್ಟೂ ಹೊತ್ತು ಒಂದು ಗುಂಡಿಯೂ ಸದ್ದು ಮಾಡಲಿಲ್ಲ. ಮೇಷ್ಟ್ರು ಕಿವಿಗೊಟ್ಟು ಕೇಳುತ್ತಲೇ ಇದ್ದರು.

ನಾಲ್ಕಕ್ಕೆ ಮೂರು ನಿಮಿಷವಿರುವಾಗ ತೂತಿನೊಳಗೆ ಒಂದು ಗುಂಡಿ ಕಾಣಿಸಿತು. ಆರು ತಿಂಗಳು ಬಿಸಿಲು ಕಾಣದೆ ಅದೊಂದೇ ಹೊಸದರಂತೆ ಉಳಿದಿತ್ತು. ಒತ್ತು ಎಂದು ಅಕ್ಕ ತಂಗಿಗೆ ಹೇಳಿದಳು. ತಂಗಿ ಕೈ ಹಿಂದಕ್ಕೆ ಎಳೆದುಕೊಂಡಳು. ನೀನೇ ಒತ್ತು ಅಕ್ಕ ಎಂದಳು.

ಅಕ್ಕ ತೋರುಬೆರಳು ಚಾಚಿದಳು. ಅದಕ್ಕೆ ಕಿರುಬೆರಳು ಬಳಸಬೇಕು ಎಂದು ಮೇಷ್ಟ್ರು ಮೆಲ್ಲಗೆ ತಿದ್ದಿದರು. ಅಕ್ಕ ಅವರನ್ನೊಮ್ಮೆ ನೋಡಿ, ಕಿರುಬೆರಳಿನಿಂದಲೇ ಒತ್ತಿ ಬಿಟ್ಟಳು. ಒಂದೇ ಕ್ಲಿಕ್.

ಕಿಟಕಿಯ ಮೂಲೆಯ ಪುಟ್ಟ ಬಾಣದ ಗುರುತು ಮಂಕಾಯಿತು. ತಂಗಿ ಮೌಸು ಸರಿಸಿದಳು. ಮೌಸಿನ ಬಾಣ ಕಿಟಕಿಯ ಅಂಚನ್ನು ದಾಟಿ, ಅಲ್ಲೊಂದು ಗೋಡೆ ಇದ್ದದ್ದೇ ಸುಳ್ಳು ಎನ್ನುವಂತೆ, ಹೊರಗೆ ಬಂತು. ಮುಂದೂಡು ಎನ್ನುವಲ್ಲಿ ಒತ್ತಿದಳು. ಎಷ್ಟು ಹೊತ್ತಿಗೆ ಎಂದು ಅದು ಕೇಳಿತು. ನಾಳೆ ಎಂದಳು. ಚೀಟಿ ಮಡಚಿಕೊಂಡು ಹೋಯಿತು. ಹಿಂದೆ ಯಂತ್ರ ಒಂದು ಹೊಲಿಗೆಯನ್ನೂ ತಪ್ಪಿಸದೆ ಇನ್ನೊಬ್ಬ ಹುಡುಗನ ಹೆಸರಿನ ಕೊನೆಯ ಅಕ್ಷರ ಸುತ್ತುತ್ತಿತ್ತು.

ಫೋನಿನಲ್ಲಿ ಅಳಿಯ, ಬಂತಾ ಎಂದು ಕೇಳುತ್ತಿದ್ದ. ಬಂತು ಎಂದು ತಂಗಿ ಹೇಳಿದಳು. ಅವನು ಆಗ ನಕ್ಕ. ಆ ನಗು ಜೆರಾಕ್ಸ್ ಯಂತ್ರದೊಳಗೆ ಬಹಳ ಹೊತ್ತು ಉರುಳಾಡಿತು. ಹೂವೇನಾಯಿತು ಎಂದು ಕೇಳುವ ಧೈರ್ಯ ಮಾತ್ರ ಅವನಿಗೆ ಆಗಲಿಲ್ಲ.

ಕೊನೆಯ ಹೆಸರು ಮುಗಿದಾಗ ಐದೂ ಇಪ್ಪತ್ತು. ಅಕ್ಕ ಹೊದಿಕೆಯನ್ನು ಬೆಳಕಿಗೆ ಹಿಡಿದು ಮುನ್ನೂರ ಹನ್ನೆರಡು ಹೆಸರುಗಳನ್ನೂ ಬೆರಳಿಟ್ಟು ಎಣಿಸಿದಳು. ಹಿಂಬದಿಯ ದಾರದ ತುದಿಗಳನ್ನು ಒಂದೊಂದಾಗಿ ಕತ್ತರಿಸಿ ಅಚ್ಚುಕಟ್ಟು ಮಾಡಿದಳು. ಚೆನ್ನಾಗಿದೆ ಎನ್ನಲಿಲ್ಲ. ಕೆಟ್ಟಿಲ್ಲ ಎಂದಳು. ನಲವತ್ತು ವರ್ಷದಲ್ಲಿ ಅವಳು ಯಾರ ಕೆಲಸಕ್ಕೂ ಇದಕ್ಕಿಂತ ದೊಡ್ಡ ಮಾತು ಹೇಳಿದ್ದನ್ನು ತಂಗಿ ಕೇಳಿರಲಿಲ್ಲ. ಆರೂವರೆಗೆ ಹೊದಿಕೆ ಆಸ್ಪತ್ರೆ ತಲುಪಿತು. ದಾದಿಯಮ್ಮ ಅದನ್ನು ಹೊದೆಯಲೇ ಇಲ್ಲವಂತೆ. ತೊಡೆಯ ಮೇಲೆ ಹರಡಿಕೊಂಡು ಒಂದೊಂದೇ ಹೆಸರು ಓದುತ್ತ, ಇವನು ಕಾಲು ಮುಂದೆ ಮಾಡಿ ಬಂದವನು, ಇವಳು ಮೂರು ದಿನ ಸತಾಯಿಸಿದವಳು ಎಂದು ಹೇಳುತ್ತ ಕೂತಿದ್ದರಂತೆ.

ಮರುದಿನ ಬೆಳಗ್ಗೆ ತಂಗಿ ಅಳಿಯನ ಮಾತು ನೆನಪಿಸಿ, ಹೋಸ್ಟ್ ಕೀಯನ್ನು ಬೇರೆ ಗುಂಡಿಗೆ ಬದಲಾಯಿಸಿದರೆ ಆ ಜಾಗದಲ್ಲಿ ಮತ್ತೆ ಹೂವು ಕೂರಿಸಬಹುದಲ್ಲ ಎಂದಳು. ಅಕ್ಕ ಬೇಡ ಎಂದಳು. ಬೀಗದ ಕೈಯನ್ನು ದಿನಕ್ಕೊಂದು ಕಡೆ ಇಟ್ಟರೆ ಕೊನೆಗೆ ತಾವೇ ಮರೆಯುತ್ತೇವೆ ಎಂದಳು. ಹರಿದ ಅಂಚನ್ನು ಮಡಿಚಿ, ಆ ಗುಂಡಿಯ ಸುತ್ತ ಕೆಂಪು ರೇಷ್ಮೆ ದಾರದಲ್ಲಿ ಒಂದು ಕಾಜಾ ಹೊಲಿದಳು. ಅಂಗಿಯ ಗುಂಡಿ ತೂರಿಸುವ ತೂತಿಗೆ ಹಾಕುವ ಹಾಗೆ ಒತ್ತೊತ್ತಾಗಿ, ಒಂದು ಎಳೆಯೂ ಏಳದ ಹಾಗೆ. ಮದುಮಗನ ಅಂಗಿಗೂ ಅಂಥ ಕಾಜಾ ಬಿದ್ದಿರಲಾರದು. ಮೇಷ್ಟ್ರು ಕುತೂಹಲಕ್ಕೆ ಬೆಳಗ್ಗೆಯೇ ಬಂದು ನೋಡಿ, ಈಗ ಕುರುಡನಿಗೂ ಹೋಸ್ಟ್ ಕೀ ಎಲ್ಲಿದೆ ಅಂತ ಗೊತ್ತಾಗುತ್ತದೆ ಎಂದರು. ಚಹಾ ಬರಲು ಆ ದಿನ ತಡವಾಯಿತು. ಒಳಗಿನವನನ್ನು ಮಲಗಿಸುವ ಅಗತ್ಯ ಇಲ್ಲವಾದ್ದರಿಂದ ಚಹಾ ಕಾಯಿಸಲು ಯಾರಿಗೂ ಬಿಡುವು ಸಿಕ್ಕಿರಲಿಲ್ಲ. ಈ ವಿದ್ಯೆಯಿಂದ ನಷ್ಟವಾದವನು ನಾನೊಬ್ಬನೇ ಎಂದು ಅವರು ಬೇಸರಪಟ್ಟರು.

ತಂಗಿಗಂತೂ ಅದು ಆಟವಾಯಿತು. ಒಳಗೆ ಕ್ಲಿಕ್ ಮಾಡುವುದು, ಕಾಜಾದೊಳಗೆ ಬೆರಳಿಟ್ಟು ಹೊರಗೆ ಬರುವುದು, ಮತ್ತೆ ಒಳಗೆ, ಮತ್ತೆ ಹೊರಗೆ. ಬಾಗಿಲ ಬಳಿ ನಿಂತು ಆಡುವ ಮಗುವಿಗೆ ಹೇಳುವ ಹಾಗೆ, ಒಳಗಿರು ಇಲ್ಲವೇ ಹೊರಗಿರು ಎಂದು ಅಕ್ಕ ಅಡುಗೆಮನೆಯಿಂದ ಗದರಿದಳು.

ಮಧ್ಯಾಹ್ನದ ಹೊತ್ತಿಗೆ ತಂಗಿ ಒಳಗಿನವನ ಕಿಟಕಿಯಲ್ಲಿ ಹೊಸ ಬಳ್ಳಿಯೊಂದನ್ನು ಜೋಡಿಸುತ್ತ ಪೂರ್ತಿ ಮುಳುಗಿದ್ದಳು. ಊಟಕ್ಕೆ ಬಾ ಎಂದು ಅಕ್ಕ ಒಂದು ಸಲ ಕರೆದಳು. ಎರಡು ಸಲ ಕರೆದಳು. ಹೂಂ ಎಂದು ಉತ್ತರ ಬರುತ್ತಿತ್ತು, ಆಳು ಬರುತ್ತಿರಲಿಲ್ಲ. ಮೂರನೆಯ ಸಲ ಅಕ್ಕ ಕರೆಯಲಿಲ್ಲ. ಸದ್ದಿಲ್ಲದೆ ಬಂದು ತಂಗಿಯ ಹೆಗಲ ಮೇಲಿಂದ ಬಾಗಿ, ಕೆಂಪು ಕಾಜಾದೊಳಗೆ ಕಿರುಬೆರಳಿಟ್ಟು ಒತ್ತಿ ಬಿಟ್ಟಳು.

ಬಳ್ಳಿಯ ತುದಿಯಲ್ಲಿದ್ದ ಬಾಣ ಜಾರಿ ಹೊರಗೆ ಬಂತು. ತಂಗಿ ಬೆಚ್ಚಿ ತಲೆ ಎತ್ತಿದಳು. ಅಕ್ಕನ ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿತ್ತು.

"ಊಟ ಆಮೇಲೆ ಮಾಡೋಣ. ಎದ್ದೇಳು," ಎಂದಳು ಅಕ್ಕ, ಟೇಪಿನ ಒಂದು ತುದಿಯನ್ನು ತಂಗಿಯ ಕೈಗೆ ಕೊಡುತ್ತ. "ಆ ಯಂತ್ರದ ಬೆನ್ನಿನ ಅಳತೆ ಒಬ್ಬಳೇ ತಗೋಳೋಕೆ ಆಗಲ್ಲ. ಆ ಕಡೆ ಹಿಡ್ಕೋ."